ಹಾರ ಅದೇ, ಭಾವ ಅವರೇ, ಬಟ್ಟೆ ಮಾತ್ರ ಬೇರೆ

ನಮ್ಮಕ್ಕನ ಮದುವೆ ಆಗಿದ್ದು 2021ರ ಮೇ ತಿಂಗಳಲ್ಲಿ. ಆ ತಿಂಗಳು ಹೇಗಿತ್ತು ಅಂತ ಯಾರಿಗೂ ನೆನಪಿಸಬೇಕಾಗಿಲ್ಲ. ಛತ್ರ ಕ್ಯಾನ್ಸಲ್ ಆಯ್ತು, ಅಡುಗೆಯವರು ಬರೋಕಾಗಲ್ಲ ಅಂದ್ರು. ಕೊನೆಗೆ ಸಾಗರದ ಹತ್ತಿರದ ನಮ್ಮ ಮನೆ ಅಂಗಳದಲ್ಲೇ ಚಪ್ಪರ ಹಾಕಿ, ಮನೆಯವರಷ್ಟೇ ಸೇರಿ ಧಾರೆ ಮುಗಿಸಿದ್ವಿ. ಮರುದಿನದ ರಿಸೆಪ್ಷನ್ ಆಗಲೇ ಇಲ್ಲ. ಅದಕ್ಕೆಂದೇ ಭಾವ ಹೊಲಿಸಿದ್ದ ಮರೂನ್ ಬಣ್ಣದ ಶೇರ್ವಾನಿ ಟೈಲರ್ ಕೊಟ್ಟ ಕವರಿನಲ್ಲೇ ಉಳೀತು. ಈಗ ಅದರ ಗುಂಡಿ ಹಾಕಬೇಕಂದ್ರೆ ಭಾವ ಉಸಿರು ಬಿಗಿ ಹಿಡಿಯಬೇಕು :-)

ಈ ಸಲ ಊರಿಗೆ ಹೋದಾಗ ಅಕ್ಕ ಒಂದು ಫೋಟೋ ಮುಂದಿಟ್ಟಳು. ಮಾಲೆ ಹಾಕಿದ ಮೇಲಿನದ್ದು. ಭಾವ ಪಂಚೆ ಉಟ್ಟು, ಎಡ ಹೆಗಲ ಮೇಲೆ ಶಲ್ಯ ಹಾಕಿಕೊಂಡು, ಅಕ್ಕನ ಕೈ ಹಿಡಿದು ಸ್ವಲ್ಪ ಓರೆಯಾಗಿ ನಿಂತಿದ್ದಾರೆ.

"ಇದ್ರಲ್ಲಿ ಅವ್ರಿಗೆ ಆ ಶೇರ್ವಾನಿ ಹಾಕ್ಸೋಕಾಗತ್ತೇನೋ? ಆದ್ರೆ ನಿಂತಿರೋದು ಹೀಗೇ ಇರ್ಬೇಕು. ಹಾರ ಮಾತ್ರ ಮುಟ್ಬೇಡ."

ಹಾರ ಮುಟ್ಟಬೇಡ ಅಂದಿದ್ದಕ್ಕೆ ಕಾರಣ ಇದೆ. ಆ ದಿನ ಪೇಟೆಯಿಂದ ಹಾರ ತರೋ ಹಾಗಿರಲಿಲ್ಲ. ಅಜ್ಜಿ ಮನೆ ಹಿತ್ತಲಿನ ಮಲ್ಲಿಗೆ, ತುಳಸಿ, ಅಬ್ಬಲಿಗೆ (ಬಯಲುಸೀಮೆಯವರ ಕನಕಾಂಬರ) ಕೊಯ್ದು, ಬಾಳೆನಾರಿನಲ್ಲಿ ತಾನೇ ಎರಡು ಹಾರ ಕಟ್ಟಿದ್ದಳು. ಭಾವನ ಹಾರಕ್ಕೆ ಬರೋ ಹೊತ್ತಿಗೆ ಅಬ್ಬಲಿಗೆ ಮುಗಿದುಹೋಗಿತ್ತು. ಹಾಗಾಗಿ ಆ ಹಾರದ ಬಲಗಡೆ ಒಂದು ಗೇಣು ಉದ್ದಕ್ಕೆ ಕೇಸರಿ ಬಣ್ಣವೇ ಇಲ್ಲ, ಬರೀ ಮಲ್ಲಿಗೆ ಮತ್ತು ತುಳಸಿ. ಅಜ್ಜಿ 2023ರಲ್ಲಿ ಹೋದಳು. ಅವಳ ಕೈಯಿಂದ ಆದ ಕೊನೆಯ ದೊಡ್ಡ ಕೆಲಸ ಅದು.

ಈಗಿನ ಇಮೇಜ್ ಎಡಿಟಿಂಗ್ ಮಾಡೆಲ್‌ಗಳಿಗೆ ಫೋಟೋ ಕೊಟ್ಟು "ಬಟ್ಟೆ ಬದಲಿಸು, ಹಾರ ಹಾಗೇ ಇರಲಿ" ಅಂತ ಒಂದು ಸಾಲು ಬರೆದರೆ ಸಾಕು, ಕೆಲಸ ಆಗುತ್ತೆ. ನಾನು ಮೊದಲು ಮಾಡಿ ನೋಡಿದ್ದು ನನ್ನದೇ ಮಷೀನಿನಲ್ಲಿ, ಸ್ಟೇಬಲ್ ಡಿಫ್ಯೂಷನ್‌ನ ಎಸ್‌ಡಿಎಕ್ಸ್‌ಎಲ್ ಇಟ್ಟುಕೊಂಡು. ಶೇರ್ವಾನಿ ಚೆನ್ನಾಗೇ ಬಂತು. ಹಾರವೂ ಬಂತು. ಆದರೆ ಅದು ಅಜ್ಜಿಯ ಹಾರ ಅಲ್ಲ. ಎರಡೂ ಕಡೆ ಸಮನಾಗಿ ಕೇಸರಿ ತುಂಬಿಕೊಂಡಿತ್ತು! ಮಾಡೆಲ್ ನೋಡಿರೋ ಸಾವಿರಾರು ಹಾರಗಳಲ್ಲಿ ಎಡ ಬಲ ಒಂದೇ ಥರ ಇರುತ್ತೆ. ಹೂವು ಮುಗಿದುಹೋದ ಕಥೆ ಅದಕ್ಕೇನು ಗೊತ್ತು, ಪಾಪ. ಅದು ಹಾರವನ್ನ ಉಳಿಸಿರಲಿಲ್ಲ, ಹಳೆಯದನ್ನ ನೋಡಿಕೊಂಡು ಹೊಸದೊಂದು ಬರೆದಿತ್ತು.

ಸರಿ, ಹಾರದ ಮೇಲೆ ಮಾಸ್ಕ್ ಹಾಕಿದರೆ? ಅಂದ್ರೆ "ಈ ಜಾಗ ಬಿಟ್ಟು ಉಳಿದದ್ದನ್ನ ಮಾತ್ರ ಬದಲಿಸು" ಅಂತ ಗುರುತು ಹಾಕಿಕೊಡೋದು. ಅದರಲ್ಲೂ ಒಂದು ಒಳಗುಟ್ಟಿದೆ. ಈ ಮಾಡೆಲ್ ಚಿತ್ರವನ್ನ ನೇರವಾಗಿ ಪಿಕ್ಸೆಲ್‌ಗಳಲ್ಲಿ ನೋಡಲ್ಲ. ಮೊದಲು ಕುಗ್ಗಿಸಿಕೊಳ್ಳುತ್ತೆ, 8x8 ಪಿಕ್ಸೆಲ್‌ನ ಚೌಕಕ್ಕೆ ಒಂದು ಕೋಶದ ಹಾಗೆ. 1024 ಪಿಕ್ಸೆಲ್ ಅಗಲದ ಚಿತ್ರ ಅದರೊಳಗೆ 128 ಕೋಶ. ನನ್ನ ಫೋಟೋವನ್ನ ಆ ಅಳತೆಗೆ ಇಳಿಸಿದಾಗ ಒಂದು ಮಲ್ಲಿಗೆ ಎಸಳು ಐದಾರು ಪಿಕ್ಸೆಲ್ ಇತ್ತು, ಒಂದು ಕೋಶಕ್ಕಿಂತ ಚಿಕ್ಕದು. ಹಾಗಾಗಿ ಮುಟ್ಟಬೇಡ ಅಂದ ಜಾಗದಲ್ಲೂ, ಕುಗ್ಗಿಸಿ ಮತ್ತೆ ಹಿಗ್ಗಿಸುವಾಗ ಎಸಳುಗಳೆಲ್ಲ ಬೆಂದ ಅನ್ನದ ಹಾಗೆ ಅಂಟಿಕೊಂಡುಬಿಡುತ್ತವೆ. ಹಾರ ನಿಜಕ್ಕೂ ಉಳೀಬೇಕಂದ್ರೆ ಒಂದೇ ದಾರಿ: ಮೂಲ ಫೋಟೋದ ಹಾರವನ್ನ ಕತ್ತರಿಸಿಟ್ಟುಕೊಂಡು ಕೊನೆಗೆ ಮೇಲೆ ಕೂರಿಸೋದು.

ಕತ್ತರಿಸೋದಕ್ಕೆ ಗಿಂಪ್ ಸಾಕಾಯ್ತು. ಮೈಬಣ್ಣದಲ್ಲಿ ನೀಲಿಯ ಅಂಶ ಕಡಿಮೆ, ಬಿಳಿ ಮಲ್ಲಿಗೆಯಲ್ಲಿ ಜಾಸ್ತಿ. ಫೋಟೋದ ನೀಲಿ ಚಾನೆಲ್ ಒಂದನ್ನೇ ತೆಗೆದು ನೋಡಿದರೆ ಎದೆ ಕಪ್ಪಾಗಿ, ಮಲ್ಲಿಗೆ ಬೆಳ್ಳಗೆ ಎದ್ದು ಕಾಣುತ್ತೆ. ಅರ್ಧ ಮಾಸ್ಕ್ ಪುಕ್ಕಟೆ ಸಿಕ್ಕ ಹಾಗೆ. ತುಳಸಿಯನ್ನ ಹಸಿರು ಬಣ್ಣ ಹಿಡಿದು ಆರಿಸಬಹುದು. ಕಾಟ ಕೊಟ್ಟಿದ್ದು ಅಬ್ಬಲಿಗೆ. ಅರಿಶಿನ ಹಚ್ಚಿದ ಮೈಗೂ ಅಬ್ಬಲಿಗೆಗೂ ಬಣ್ಣದಲ್ಲಿ ಅಂಥಾ ದೂರ ಇಲ್ಲ, ಯಾವ ಚಾನೆಲ್‌ನಲ್ಲೂ ಬೇರೆಯಾಗಲ್ಲ. ಎರಡು ರಾತ್ರಿ ಕೂತು ಮೌಸಿನಲ್ಲಿ ಒಂದೊಂದೇ ಹೂವಿನ ಸುತ್ತ ಬ್ರಷ್ ಎಳೆದೆ. ಅಜ್ಜಿಗೆ ಕಟ್ಟೋಕೆ ಇಷ್ಟು ಹೊತ್ತು ಹಿಡಿದಿರಲಿಲ್ಲ.

ಇನ್ನು ಶೇರ್ವಾನಿ. ಹಾರವನ್ನ ಜಾಗದಲ್ಲೇ ಬಿಟ್ಟು ಸುತ್ತಲೂ ಬಟ್ಟೆ ಬರೆಸಿದಾಗ ಗುಂಡಿಯ ಸಾಲು ಎಡವಟ್ಟಾಯ್ತು. ಹಾರದ ಒಳಗಡೆ ಕುತ್ತಿಗೆಯಿಂದ ಇಳಿದ ಮೂರು ಗುಂಡಿ ಒಂದು ಕಡೆ, ಹಾರದ ಕೆಳಗೆ ಮುಂದುವರಿದದ್ದು ಎರಡು ಬೆರಳು ಪಕ್ಕಕ್ಕೆ. ಮಾಡೆಲ್‌ಗೆ ಹಾರದ ಹಿಂದೆಯೂ ಬಟ್ಟೆ ಇದೆ ಅನ್ನೋ ಅರಿವಿಲ್ಲ, ಮೇಲಿನ ಜಾಗ ಬೇರೆ, ಕೆಳಗಿನ ಜಾಗ ಬೇರೆ. ಇಂಥ ಎಡಿಟ್ ಮಾಡಿದ ಫೋಟೋ ಕಂಡುಹಿಡಿಯೋಕೆ ಇದು ಒಳ್ಳೇ ಗುರುತು. ಹಾರ, ಕೈ, ಸೆರಗು ಯಾವುದರ ಹಿಂದಾದರೂ ಹೋಗೋ ಗೆರೆ ಆ ಕಡೆ ಅದೇ ನೇರದಲ್ಲಿ ಹೊರಗೆ ಬರುತ್ತಾ ಅಂತ ನೋಡಿ. ಇನ್ನೊಂದು, ಹೂವುಗಳ ಸಂದಿಯಲ್ಲಿ ಭಾವನ ಎದೆಯ ಬಣ್ಣವೇ ಇಣುಕುತ್ತಿತ್ತು. ಶೇರ್ವಾನಿಗೆ ತೂತು ಬಿದ್ದ ಹಾಗೆ!

ಆಗ ಹೊಳೆದದ್ದು, ಹಾರ ಉಳಿಸಬೇಕಾದರೆ ಮೊದಲು ಹಾರ ತೆಗೀಬೇಕು ಅಂತ. ಹಾರವನ್ನೂ ಅಳಿಸಿ, ಬರೀ ಮೈಯಲ್ಲಿ ನಿಂತ ಭಾವನ ಚಿತ್ರ ಮಾಡಿಕೊಂಡೆ. ಅದರ ಮೇಲೆ ಪೂರ್ತಿ ಶೇರ್ವಾನಿ ಬರೆಸಿದೆ. ಗುಂಡಿಯ ಸಾಲು ಕಾಲರಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಬಂತು. ಹಾರ ಆಮೇಲೆ.

ನಿಂತ ಭಂಗಿ ಇನ್ನೊಂದು ತಲೆನೋವು. ಮಾಡೆಲ್‌ಗೆ ಸ್ವಲ್ಪವೇ ಸ್ವಾತಂತ್ರ್ಯ ಕೊಟ್ಟರೆ ಬಟ್ಟೆ ಬರಲ್ಲ, ಮೈಗೆ ಮರೂನ್ ಬಣ್ಣ ಬಳಿದ ಹಾಗಾಗುತ್ತೆ. ಜಾಸ್ತಿ ಕೊಟ್ಟರೆ ಬಟ್ಟೆ ಬರುತ್ತೆ, ಮೊಣಕೈ ಜಾಗ ಬದಲಿಸುತ್ತೆ, ಕೈ ಅಕ್ಕನ ಕೈಗೆ ಸಿಗಲ್ಲ. ಇದಕ್ಕೆ ಕಂಟ್ರೋಲ್‌ನೆಟ್ ಅಂತ ಒಂದಿದೆ, 2023ರಲ್ಲಿ ಬಂದದ್ದು. ಫೋಟೋದಿಂದ ಯಾವ ಭಾಗ ಮುಂದಿದೆ, ಯಾವುದು ಹಿಂದಿದೆ ಅನ್ನೋ ಒಂದು ಕಪ್ಪು ಬಿಳುಪು ನಕ್ಷೆ ಮಾಡಿ, ಬಿಡಿಸುವಾಗ ಇದನ್ನ ಪಾಲಿಸು ಅಂತ ಕೊಡಬಹುದು. ಕೊಟ್ಟೆ. ಕೈ ಸರಿಯಾಗಿ ಕೂತಿತು. ಆದರೆ ಶೇರ್ವಾನಿಯ ಎಡ ಹೆಗಲ ಮೇಲೆ ದುಪಟ್ಟಾ ಪ್ರತ್ಯಕ್ಷ! ಎಷ್ಟು ಸಲ ಮಾಡಿದರೂ ದುಪಟ್ಟಾ. ಆಮೇಲೆ ನಕ್ಷೆಯನ್ನೇ ದೊಡ್ಡದು ಮಾಡಿ ನೋಡಿದರೆ ಶಲ್ಯದ ಮಡಿಕೆಗಳು ಅದರಲ್ಲಿ ಸ್ಪಷ್ಟವಾಗಿ ಇದ್ದವು. ಪಂಚೆಯ ಕಾಲದ ನೆನಪು ಬಿಟ್ಟಿರಲಿಲ್ಲ.

ದಾರಿ ಏನಂದ್ರೆ, ಚಿತ್ರ ಹಲವು ಹಂತದಲ್ಲಿ ಮೂಡುತ್ತೆ, ಮೊದಲ ಹಂತಗಳಲ್ಲಿ ದೇಹದ ಆಕಾರ, ಕೊನೆಯವುಗಳಲ್ಲಿ ಬಟ್ಟೆಯ ಸಣ್ಣ ವಿವರ. ನಕ್ಷೆಯ ಹಿಡಿತವನ್ನ ಅರ್ಧ ದಾರಿಗೇ ಬಿಡಿಸಿದೆ. ಕೈ ಅಲ್ಲೇ ನಿಂತಿತು, ದುಪಟ್ಟಾ ಹೋಯ್ತು. ಬಟ್ಟೆಗೆ ಬರೆದದ್ದು ಇಷ್ಟೇ:

```
plain maroon raw silk sherwani, low band collar, gold buttons
```

plain ಅನ್ನೋದು ಬಿಟ್ಟರೆ ಮೈತುಂಬಾ ಜರಿ ಕೆಲಸ ಬರುತ್ತೆ. low ಯಾಕಂದ್ರೆ, ನಿಜವಾದ ಕಾಲರ್ ಎತ್ತರಕ್ಕೆ ಹೋದರೆ ಹಾರ ಅದರ ಮೇಲೆ ಕೂತು ಸ್ವಲ್ಪ ಮೇಲೇರಬೇಕಿತ್ತು. ನಮ್ಮ ಹಾರ ಬರೀ ಕುತ್ತಿಗೆ ಮೇಲೆ ಕೂತದ್ದು, ಅದನ್ನ ಎತ್ತೋ ಹಾಗಿಲ್ಲ.

ಈಗ ಕತ್ತರಿಸಿಟ್ಟ ಹಾರ ತಂದು ಮೇಲಿಟ್ಟೆ. ಪ್ರತಿ ಹೂವಿನ ಸುತ್ತ ಮೈಬಣ್ಣದ ಒಂದು ತೆಳು ಅಂಚು! ಅಂಚಿನ ಪಿಕ್ಸೆಲ್‌ನಲ್ಲಿ ಸ್ವಲ್ಪ ಹೂವು, ಸ್ವಲ್ಪ ಹಿನ್ನೆಲೆ ಬೆರೆತಿರುತ್ತೆ.

```
C = a*F + (1 - a)*B
```

C ಫೋಟೋದಲ್ಲಿ ಕಾಣೋ ಬಣ್ಣ, F ಹೂವು, B ಹಿನ್ನೆಲೆ, a ಹೂವಿನ ಪಾಲು. ಒಂದು ಅಂಚಿನಲ್ಲಿ C 200, ಪಕ್ಕದ ಮೈಬಣ್ಣ B 160, ಪಾಲು ಅರ್ಧ ಅಂದುಕೊಳ್ಳಿ. ಹಾಗಾದರೆ ಹೂವಿನ ಸ್ವಂತ ಬಣ್ಣ 240. ಆ ಜಾಗದ ಮರೂನ್ 110 ಇದ್ದರೆ ಹೊಸ ಅಂಚು 175 ಆಗಬೇಕು, 200 ಅಲ್ಲ. ಇದನ್ನೇ ಮೂರೂ ಬಣ್ಣಕ್ಕೆ, ಎಲ್ಲಾ ಅಂಚಿಗೆ ಮಾಡೋ ಹತ್ತಿಪ್ಪತ್ತು ಸಾಲಿನ ಪೈಥಾನ್ ಬರೆದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಮನೆಯಲ್ಲಿ ಆದ ಮೊದಲ ಉಪಯೋಗ ಇದು :-)

ಇಷ್ಟಾದರೂ ಹಾರ ಸ್ಟಿಕ್ಕರ್ ಅಂಟಿಸಿದ ಹಾಗೆ ತೇಲುತ್ತಿತ್ತು, ಯಾಕಂದ್ರೆ ಅದರ ನೆರಳು ಎದೆಯ ಜೊತೆಗೇ ಅಳಿಸಿಹೋಗಿತ್ತು. ಮೂಲ ಫೋಟೋದಲ್ಲಿ ಭಾವನ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ಅಂತ ನೋಡಿ, ಹಾರದ ಮಾಸ್ಕನ್ನೇ ಕಪ್ಪು ಮಾಡಿ, ಮಬ್ಬು ಮಾಡಿ, ಅದೇ ಕಡೆಗೆ ಸ್ವಲ್ಪ ಸರಿಸಿ ಹಾರದ ಕೆಳಗಿಟ್ಟೆ. ಚಪ್ಪರದ ಕೆಳಗಿನ ಬೆಳಕು ಮೆತ್ತಗಿರುತ್ತೆ, ನೆರಳೂ ಮೆತ್ತಗೇ ಇರಬೇಕು. ಅಷ್ಟಾಗಿದ್ದೇ ತಡ, ಹಾರಕ್ಕೆ ತೂಕ ಬಂತು.

ಪ್ರಿಂಟ್ ಹಾಕಿಸಿ ಊರಿಗೆ ತಗೊಂಡು ಹೋದೆ. ಅಮ್ಮ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದ್ಲು. ಶೇರ್ವಾನಿ ಬಗ್ಗೆ ಒಂದು ಮಾತಿಲ್ಲ. ಬೆರಳಿಟ್ಟು, "ಇಲ್ಲಿ ಅಬ್ಬಲಿಗೆ ಮುಗೀತು ಅಂತ ನನ್ನನ್ನ ಪಕ್ಕದ ಮನೆಗೆ ಓಡ್ಸಿದ್ಲು, ಅಲ್ಲೂ ಇರ್ಲಿಲ್ಲ" ಅಂದಳು. ಆಮೇಲೆ, "ಆದ್ರೆ ಮುಂದೆ ಮಕ್ಕಳು ಇದೇ ನಿಜ ಅಂದ್ಕೊಳ್ತಾವಲ್ಲೋ" ಅಂತಲೂ ಕೇಳಿದಳು. ಅಕ್ಕ ಏನೂ ಹೇಳದೆ ಪೆನ್ ತಂದು, ಪ್ರಿಂಟಿನ ಹಿಂದೆ "ಹಾರ 2021, ಅಜ್ಜಿ ಕಟ್ಟಿದ್ದು. ಶೇರ್ವಾನಿ ತಮ್ಮ ಮಾಡಿದ್ದು" ಅಂತ ಬರೆದು, ಪಂಚೆಯ ಫೋಟೋದ ಎದುರು ಪುಟಕ್ಕೆ ಅಂಟಿಸಿದಳು.

ಭಾವ ಮಾತ್ರ ಇನ್ನೂ ನೋಡ್ತಾನೇ ಇದ್ರು. "ಹೊಟ್ಟೆ ಏನಾದ್ರೂ ಕಮ್ಮಿ ಮಾಡಿದ್ಯೇನೋ?"

"ಇಲ್ಲ ಭಾವ, ಅದು ಆಗಿನದ್ದೇ."

"ಹಂಗಾದ್ರೆ ಹಿಂದ್ಗಡೆ ರಿಸೆಪ್ಷನ್‌ಗೆ ಬರ್ಬೇಕಿದ್ದ ನಮ್ಮ ಕಡೆಯವ್ರು ಒಂದು ನೂರು ಜನನೂ ಸೇರ್ಸಿಬಿಡು."

ಅದಕ್ಕೆ ರೇಟು ಬೇರೆ ಅಂತ ಹೇಳಿ ಬಸ್ಸು ಹತ್ತಿದೆ.