ಅಪರಿಚಿತರಿಗೆ ಮೊದಲ ಪತ್ರ

ಕೊಪ್ಪದ ಬಳಿ ಆರೇಳು ಎಕರೆ ಕಾಫಿ ತೋಟವಿರುವ ನನ್ನ ಅಕ್ಕನ ಮಗ, ಬೀಜವನ್ನು ಮಂಡಿಗೆ ಹಾಕಿ ಬಂದಷ್ಟು ಬೆಲೆಗೆ ತೃಪ್ತನಾಗುವುದಕ್ಕಿಂತ ತಾನೇ ಹುರಿದು ಪುಡಿಮಾಡಿ ಬೆಂಗಳೂರಿನ ತಿಂಡಿ ಹೋಟೆಲುಗಳಿಗೆ ಒದಗಿಸಬೇಕೆಂದು ಸಂಕಲ್ಪಿಸಿ, ಹುರಿಯುವ ಯಂತ್ರವೊಂದನ್ನು ತಂದು, ಪರವಾನಗಿ ಪಡೆದು, ಮೂವತ್ತೊಂದು ಹೋಟೆಲುಗಳಿಗೆ ಒಂದೇ ದಿನ ಇ-ಮೇಲ್ ಕಳುಹಿಸಿದನು. ಮೂರು ವಾರ ಕಳೆದ ಮೇಲೆ ಆ ಪತ್ರವನ್ನು ನನ್ನ ಮುಂದಿಟ್ಟು, “ಮಾವ, ಇದರಲ್ಲಿ ತಪ್ಪೇನಿದೆ? ಒಬ್ಬರೂ ಮಾತಾಡಲಿಲ್ಲವಲ್ಲ” ಎಂದನು. ಒಬ್ಬರೂ ಎಂಬುದು ಪೂರ್ತಿ ನಿಜವಲ್ಲ, ಒಂದು ಉತ್ತರ ಬಂದಿತ್ತು, ಅದರಲ್ಲಿ ಇದ್ದುದು ಇಷ್ಟೇ: “ಚಿಕೋರಿ ಎಷ್ಟು? ರೇಟ್ ಎಷ್ಟು?”

ಪತ್ರದಲ್ಲಿ ಇಪ್ಪತ್ತೆರಡು ವಾಕ್ಯಗಳಿದ್ದವು. ತನ್ನ ಹೆಸರು, ಊರು, ಬಿ.ಕಾಂ. ಪದವಿ, ಅಜ್ಜನ ಕಾಲದಿಂದ ಬಂದ ತೋಟ, ನಗರದ ನೌಕರಿಯನ್ನು ಬಿಟ್ಟು ಮಣ್ಣಿಗೆ ಮರಳಿದ ಕಾರಣ, ಕಾಫಿಯ ಮೇಲಿನ ಅನುರಾಗ, ಮುಂದಿನ ಐದು ವರ್ಷಗಳ ಕನಸು, ಎಲ್ಲವೂ ಸುಂದರವಾದ ಕನ್ನಡದಲ್ಲಿ ಅಲ್ಲಿದ್ದವು. ಆ ಹೋಟೆಲಿನ ಯಜಮಾನನು ಕೇಳಬಹುದಾದ ಎರಡೇ ಪ್ರಶ್ನೆಗಳಿಗೆ ಮಾತ್ರ ಅಲ್ಲಿ ಉತ್ತರವಿರಲಿಲ್ಲ.

“ನೀನು ನಿನ್ನ ವಿಷಯವನ್ನೇ ಹೇಳಿಕೊಂಡಿದ್ದೀಯೆ” ಎಂದೆನು. ಅವನು ಒಪ್ಪಲಿಲ್ಲ. “ನಾನು ಎಂಬ ಪದ ಇಡೀ ಪತ್ರದಲ್ಲಿ ನಾಲ್ಕೇ ಸಲ ಬಂದಿದೆ, ಎಣಿಸಿ ನೋಡಿ” ಎಂದನು. ಎಣಿಸಿದೆನು, ನಾಲ್ಕೇ ಇದ್ದವು. ಆದರೆ ನಮ್ಮ ಭಾಷೆಯಲ್ಲಿ ಕರ್ತೃಪದವನ್ನು ಮರೆಯಾಗಿಟ್ಟರೂ ಕ್ರಿಯಾಪದದ ತುದಿಯಲ್ಲಿ ಅದು ಕುಳಿತೇ ಇರುತ್ತದೆ. ಬೆಳೆಯುತ್ತೇನೆ, ಹುರಿಯುತ್ತೇನೆ, ಬಯಸುತ್ತೇನೆ, ನಂಬಿದ್ದೇನೆ ಎಂದು ವಾಕ್ಯಾಂತ್ಯಗಳಿಗೆಲ್ಲ ಪೆನ್ಸಿಲಿನಿಂದ ಗೆರೆಯೆಳೆದಾಗ ಇಪ್ಪತ್ತೆರಡರಲ್ಲಿ ಹದಿನೇಳು ವಾಕ್ಯಗಳು ‘ಏನೆ’ ಎಂದೇ ಮುಗಿದಿದ್ದವು. ಕನ್ನಡದಲ್ಲಿ ಬರೆಯುವವರು ತಮ್ಮ ಪತ್ರವನ್ನು ಪರೀಕ್ಷಿಸಬೇಕಾದರೆ ವಾಕ್ಯದ ತಲೆಯನ್ನಲ್ಲ, ಬಾಲವನ್ನು ನೋಡಬೇಕು.

ಇದನ್ನು ಅಹಂಕಾರವೆಂದು ಕರೆಯುವವರಿದ್ದಾರೆ, ನಾನು ಒಪ್ಪಲಾರೆ. ನನ್ನ ಸೋದರಳಿಯನು ನಾಲ್ಕು ಜನರ ಮುಂದೆ ಬಾಯಿಬಿಡಲು ಸಂಕೋಚಪಡುವವನು. ಅಪರಿಚಿತರ ಮನೆಬಾಗಿಲಲ್ಲಿ ನಿಂತಾಗ ನಮ್ಮವರಿಗೆ ಮೊದಲು ಬರುವ ಯೋಚನೆ ‘ನಾನು ಇಂಥವರ ಮಗ, ಇಂಥ ಊರಿನವನು’ ಎಂದು ಹೇಳಿ ವಿಶ್ವಾಸ ಗಳಿಸಬೇಕೆಂಬುದೇ ಅಲ್ಲವೆ? ಇದಕ್ಕಿಂತಲೂ ಆಳದ ಕಾರಣ ಇನ್ನೊಂದಿದೆ. ಆ ಮೂವತ್ತೊಂದು ಹೋಟೆಲುಗಳಲ್ಲಿ ಇಪ್ಪತ್ತೇಳನ್ನು ಅವನು ಕಣ್ಣಿನಿಂದ ಕಂಡಿರಲಿಲ್ಲ. ಎದುರಿನವರ ವಿಷಯವಾಗಿ ಏನನ್ನೂ ತಿಳಿಯದವನು ಬರೆಯಲು ಕುಳಿತರೆ ತನ್ನ ಕಥೆಯಲ್ಲದೆ ಬೇರೇನನ್ನು ಬರೆಯಬಲ್ಲನು? ಆದುದರಿಂದ ‘ನಿನ್ನ ವಿಷಯ ಕಡಮೆ ಮಾಡು’ ಎಂಬ ಉಪದೇಶ ಮಾತ್ರದಿಂದ ಇಂಥ ಪತ್ರ ಸುಧಾರಿಸುವುದಿಲ್ಲ.

ಸುಧಾರಿಸುವುದಿಲ್ಲವೆಂಬುದಕ್ಕೆ ಅವನ ಎರಡನೆಯ ಕರಡೇ ಸಾಕ್ಷಿ. ಅದರಲ್ಲಿ ತನ್ನ ಕಥೆಯನ್ನೆಲ್ಲ ತೆಗೆದುಹಾಕಿ ಆ ಜಾಗದಲ್ಲಿ ‘ತಮ್ಮ ಸುಪ್ರಸಿದ್ಧವೂ ಜನಪ್ರಿಯವೂ ಆದ ಸಂಸ್ಥೆಯ ಉನ್ನತ ಗುಣಮಟ್ಟ’ ಎಂದು ಸ್ತುತಿ ತುಂಬಿದ್ದನು. ಹೋಟೆಲಿನ ಹೆಸರನ್ನು ಅಳಿಸಿ ಇನ್ನೊಂದರ ಹೆಸರನ್ನು ಬರೆದರೂ ಒಂದಕ್ಷರ ಬದಲಾಗದಂಥ ಹೊಗಳಿಕೆ ಅದು. ಓದುವವನಿಗೆ ಅದು ಕೂಡಲೇ ತಿಳಿದುಹೋಗುತ್ತದೆ.

“ಐದು ಹೋಟೆಲುಗಳನ್ನು ಆರಿಸಿಕೊ. ಒಂದೊಂದರಲ್ಲಿಯೂ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಫಿ ಕುಡಿದು ಬಾ” ಎಂದು ಹೇಳಿ ಕಳುಹಿಸಿದೆನು. ಎರಡು ದಿನ ಸುತ್ತಿ ಬಂದವನ ಕೈಯಲ್ಲಿ ಈಗ ವಿಷಯವಿತ್ತು. ಒಂದು ಕಡೆ ಬೆಳಗಿನ ಡಿಕಾಕ್ಷನ್ನನ್ನೇ ಸಂಜೆಯವರೆಗೂ ಬಿಸಿಮಾಡಿ ಕೊಡುತ್ತಿದ್ದರು. ಇನ್ನೊಂದು ಕಡೆ ಸಂಜೆ 4 ಗಂಟೆಗೆ ಹೊಸದಾಗಿ ಇಳಿಸುತ್ತಿದ್ದರು. ಮೊದಲನೆಯವರಿಗೆ ‘ನಿಮ್ಮ ಸಂಜೆಯ ಕಾಫಿ ಕಹಿಯಾಗಿದೆ, ನಮ್ಮ ಪುಡಿಯಿಂದ ಸರಿಹೋಗುತ್ತದೆ’ ಎಂದು ಬರೆಯಲು ಹೊರಟವನನ್ನು ತಡೆದೆನು. ಆ ಮಾತಿನಲ್ಲಿ ಅರ್ಧ ಸತ್ಯವೂ ಇರಲಿಲ್ಲ, ಏಕೆಂದರೆ ಆ ದೋಷ ಪುಡಿಯದಲ್ಲ, ಒಲೆಯದು. ನಿಜವೇ ಆಗಿದ್ದರೂ, ಮುಖಪರಿಚಯವಿಲ್ಲದವನು ಮೊದಲ ಪತ್ರದಲ್ಲಿಯೇ ಎತ್ತಿ ತೋರಿಸಿದ ತಪ್ಪನ್ನು ಸ್ವೀಕರಿಸುವಷ್ಟು ಔದಾರ್ಯವನ್ನು ಯಾರಿಂದಲೂ ನಿರೀಕ್ಷಿಸಲಾಗದು. ಎರಡನೆಯ ಹೋಟೆಲಿಗೆ ಅವನು ಬರೆದದ್ದು ಹೀಗೆ:

“ಮಾನ್ಯರೇ, ಕಳೆದ ಗುರುವಾರ ಸಂಜೆ ತಮ್ಮಲ್ಲಿ ಕಾಫಿ ಕುಡಿದೆ. ಬೆಳಗಿನ ಡಿಕಾಕ್ಷನ್ ಉಳಿಸಿಕೊಳ್ಳದೆ 4 ಗಂಟೆಗೆ ಹೊಸದಾಗಿ ಇಳಿಸುವುದನ್ನು ಕಂಡೆ. ಹಾಗೆ ಇಳಿಸುವವರಿಗೆ ಪುಡಿಯೂ ಹೊಸದಾಗಿದ್ದರೆ ಪರಿಮಳ ನಿಲ್ಲುತ್ತದೆ. ಕೊಪ್ಪದ ನಮ್ಮ ತೋಟದ ಬೀಜವನ್ನು ಹುರಿದ ಮರುದಿನವೇ ಪುಡಿಮಾಡಿ ಬೆಂಗಳೂರಿನ ಬಸ್ಸಿಗೆ ಹಾಕುತ್ತೇವೆ. ಕಾಫಿ 80 ಭಾಗ, ಚಿಕೋರಿ 20 ಭಾಗ. ಕಿಲೋವಿಗೆ 640 ರೂಪಾಯಿ. ತಮ್ಮ ಫಿಲ್ಟರಿನಲ್ಲಿ ಒಂದು ಸಂಜೆ ಇಳಿಸಿ ನೋಡಲು ಅರ್ಧ ಕಿಲೋ ಉಚಿತವಾಗಿ ಕಳುಹಿಸಲೇ? ‘ಕಳುಹಿಸಿ’ ಎಂದು ಬರೆದರೆ ಸಾಕು.”

ಇಲ್ಲಿಯೂ ಅವನ ತೋಟವಿದೆ, ಅವನ ಕೆಲಸವಿದೆ. ಮೊದಲ ಪತ್ರದಲ್ಲಿ ತೋಟವು ಅವನ ಮನೆತನದ ಹೆಮ್ಮೆಗಾಗಿ ಬಂದಿತ್ತು. ಇಲ್ಲಿ ಪುಡಿ ಎಷ್ಟು ಹೊಸದೆಂಬುದನ್ನು ತಿಳಿಸುವುದಕ್ಕಾಗಿ ಬಂದಿದೆ. ತನ್ನ ವಿಷಯದಲ್ಲಿ ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು ಎಂಬ ಸಂದೇಹ ಬಂದಾಗ, ತರಕಾರಿಯವನ ಲೆಕ್ಕ ನೋಡುತ್ತ, ಬಾರದ ಸಪ್ಲೈಯರ್ ಹುಡುಗನಿಗಾಗಿ ಕಾಯುತ್ತ, ಗಲ್ಲಾದ ಮುಂದೆ ಕುಳಿತು ಮೊಬೈಲಿನಲ್ಲಿ ಪತ್ರ ತೆರೆದಿರುವ ಆ ಯಜಮಾನನ ಜಾಗದಲ್ಲಿ ತಾನು ಕುಳಿತು, ಪ್ರತಿ ವಾಕ್ಯಕ್ಕೂ ‘ಇದರಿಂದ ನನಗೇನು’ ಎಂದು ಕೇಳಿಕೊಳ್ಳಬೇಕು. ಅಜ್ಜನ ಕಾಲದ ತೋಟವೆಂಬ ಮಾತು ಆ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ. ಹುರಿದ ಮರುದಿನವೆಂಬ ಮಾತು ನಿಂತಿತು.

ಕೇಳಿಕೆಯೂ ಬದಲಾಯಿತು. ಮೊದಲು ‘ತಮ್ಮ ಸಹಕಾರವನ್ನು ಕೋರುತ್ತೇನೆ’ ಎಂದು ಮುಗಿಸಿದ್ದನು. ಸಹಕಾರವೆಂದರೆ ಹಣವೋ, ಭೇಟಿಯೋ, ಆಶೀರ್ವಾದವೋ ಎಂದು ಊಹಿಸುವ ಕಷ್ಟವನ್ನು ಓದುವವನ ಮೇಲೆ ಹೊರಿಸಿದಂತಾಗಿತ್ತು. ಈಗ ಒಂದೇ ಪದದಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆ ಉಳಿಯಿತು.

ಉಳಿದ ತಪ್ಪುಗಳು ಸಣ್ಣವು, ಆದರೂ ಹಾನಿ ಮಾಡಿದಂಥವು. ವಿಷಯದ ಸಾಲಿನಲ್ಲಿ ‘ಪರಿಚಯ’ ಎಂದಷ್ಟೇ ಇತ್ತು. ಅದನ್ನು ‘ಸಂಜೆಯ ಡಿಕಾಕ್ಷನ್ನಿಗೆ ಅರ್ಧ ಕಿಲೋ ಮಾದರಿ’ ಎಂದು ಮಾಡಿಸಿದೆನು. ತೋಟದ ಚಿತ್ರಗಳ ಭಾರವಾದ ಕಡತವನ್ನು ಪತ್ರಕ್ಕೆ ಲಗತ್ತಿಸಿದ್ದನು. ಗುರುತಿಲ್ಲದವರಿಂದ ಬಂದ ಲಗತ್ತನ್ನು ತೆರೆಯಲು ಯಾರಿಗಾದರೂ ಅಂಜಿಕೆಯೇ, ಅಲ್ಲದೆ ಹೊಸ ವಿಳಾಸದಿಂದ ಒಂದೇ ಒಕ್ಕಣೆಯ ಪತ್ರಗಳು ಒಮ್ಮೆಗೇ ಹೊರಟರೆ ಅವು ಸ್ಪ್ಯಾಮಿಗೆ ಬೀಳುವ ಸಂಭವವೂ ಹೆಚ್ಚು. ನನಗೆ ಎಲ್ಲಕ್ಕಿಂತ ನೋವಾದದ್ದು, ಮೂವತ್ತೊಂದು ವಿಳಾಸಗಳನ್ನೂ ಒಂದೇ ಪತ್ರದ ನೆತ್ತಿಯಲ್ಲಿ ಸಾಲಾಗಿ ಬರೆದಿದ್ದುದು. ತನ್ನಂಥ ಮೂವತ್ತು ಜನರ ಹೆಸರುಗಳನ್ನು ತನ್ನ ಹೆಸರಿನ ಪಕ್ಕದಲ್ಲಿಯೇ ಕಂಡವನು ಆ ಪತ್ರ ತನಗೆ ಬರೆದದ್ದೆಂದು ಹೇಗೆ ತಾನೆ ಭಾವಿಸಿಯಾನು?

ಐದು ಪತ್ರಗಳನ್ನು ಬೇರೆಬೇರೆಯಾಗಿ ಬರೆಯಲು ಅವನಿಗೆ ಎರಡು ಸಂಜೆ ಬೇಕಾಯಿತು. ವಾರ ಕಳೆದ ಮೇಲೆ, ಉತ್ತರ ಕೊಡದವರಿಗೆ ಅದೇ ಪತ್ರದ ಕೆಳಗೆ ಎರಡು ಸಾಲಿನ ಜ್ಞಾಪನೆಯನ್ನು ಒಂದೇ ಒಂದು ಸಲ ಕಳುಹಿಸಿದನು. ಮೂರನೆಯ ಸಲ ಬರೆಯಬಾರದೆಂದು ನಾನೇ ಹೇಳಿದ್ದೆನು, ಮೌನವಾಗಿರುವ ಹಕ್ಕು ಅಪರಿಚಿತರಿಗೆ ಇದ್ದೇ ಇದೆ. ಇಬ್ಬರು ಮೌನವಾಗಿಯೇ ಉಳಿದರು. ಇಬ್ಬರು, ಈಗ ಪುಡಿ ಕೊಡುವವರನ್ನು ಬದಲಾಯಿಸುವ ಯೋಚನೆಯಿಲ್ಲವೆಂದು ಸೌಜನ್ಯದಿಂದ ಬರೆದರು. ಸಂಜೆ 4 ಗಂಟೆಗೆ ಹೊಸದಾಗಿ ಇಳಿಸುವ ಹೋಟೆಲಿನಿಂದ ಮಾತ್ರ, ಪುಡಿ ಸ್ವಲ್ಪ ತರಿಯಾಗಿರಲಿ, ತಮ್ಮ ಫಿಲ್ಟರು ದೊಡ್ಡದು ಎಂಬ ಸೂಚನೆಯೊಡನೆ ‘ಕಳುಹಿಸಿ’ ಎಂಬ ಉತ್ತರ ಬಂದಿತು.