ಅಜ್ಜಿ ಒಲೆ ಹಚ್ಚಿದ್ದು ಯಾವಾಗ?

ಸ್ಪ್ಯಾನಿಷ್ ಕಲಿಯುವವರು ಬರೆದ ಕತೆಗಳನ್ನು ತಿದ್ದುವುದೆಂದರೆ ನನಗೆ ಭಾನುವಾರ ಬೆಳಗಿನ ಸುಖ. ಆ ಭಾಷೆಯಲ್ಲಿ ಕತೆ ಹೇಳಲು ಮುಖ್ಯವಾಗಿ ಎರಡು ಭೂತಕಾಲಗಳಿವೆ. ಇಂದೆಫಿನಿದೊ ಘಟನೆಯನ್ನು ಇಡಿಯಾಗಿ, ಮುಗಿದದ್ದಾಗಿ ಕಾಣಿಸಿ ಕತೆಯನ್ನು ಮುಂದಕ್ಕೆ ತಳ್ಳುತ್ತದೆ. ಇಂಪೆರ್ಫೆಕ್ತೊ ಆ ಹೊತ್ತಿಗೆ ಏನು ನಡೆಯುತ್ತಿತ್ತು, ಎಲ್ಲ ಹೇಗಿತ್ತು ಎಂದು ತೋರಿಸುತ್ತದೆ. ಗಡಿಯಾರದ ಮುಳ್ಳು ಮಾತ್ರ ಕದಲುವುದಿಲ್ಲ. ‘ಮಾಡಿದ’, ‘ಮಾಡುತ್ತಿದ್ದ’ ಎನ್ನುವ ನಮಗೆ ಇದು ಅರ್ಧ ಗೊತ್ತಿರುವ ಸಂಗತಿಯೇ. ತೊಡಕು ಶುರುವಾಗುವುದು ‘ಇದ್ದ’, ‘ಇತ್ತು’ಗಳಲ್ಲಿ. ಅವು ಎರಡಕ್ಕೂ ಸಲ್ಲುತ್ತವೆ.

ಮೊನ್ನೆ ಒಬ್ಬ ಹುಡುಗಿ ಅಜ್ಜಿಮನೆಯ ರಾತ್ರಿಯೊಂದನ್ನು ಬರೆದು ತಂದಿದ್ದಳು. ಮೊದಲ ಸಾಲೇ ‘ಫ್ವೆರೊನ್ ಲಾಸ್ ಓಚೊ’, ಎಂಟು ಗಂಟೆಯಾಗಿತ್ತು ಎಂದು. ಗಂಟೆ ಹೇಳುವಾಗ ಇಂಪೆರ್ಫೆಕ್ತೊವೇ ಬೇಕು: ‘ಎರಾನ್ ಲಾಸ್ ಓಚೊ’. ಮುಂದೆ ‘ಸೆ ಈಬಾ ಲಾ ಲೂಸ್’. ಕರೆಂಟು ಹೋಗುತ್ತಿತ್ತಂತೆ, ಅದೂ ‘ದೆ ರೆಪೆಂತೆ’, ಇದ್ದಕ್ಕಿದ್ದಂತೆ! ಪಟ್ಟನೆ ಹೋದದ್ದು ‘ಸೆ ಫ್ವೆ’. ಇವನ್ನು ತಿದ್ದಲು ಯೋಚನೆಯೇ ಬೇಡ.

ಆಮೇಲಿನ ಸಾಲು ‘ಎಸ್ತಾಬಾಮೊಸ್ ಸಿನ್ ಲೂಸ್ ತ್ರೆಸ್ ಓರಾಸ್’, ಮೂರು ಗಂಟೆ ಕತ್ತಲಲ್ಲಿದ್ದೆವು. ಬಹಳ ಹೊತ್ತು ನಡೆದದ್ದಕ್ಕೆಲ್ಲ ಇಂಪೆರ್ಫೆಕ್ತೊ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ, ಅದು ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಲೆಕ್ಕಕ್ಕೆ ಬರುವುದು ಅವಧಿಯ ಉದ್ದವಲ್ಲ, ಅದಕ್ಕೆ ಗಡಿ ಬಿತ್ತೇ ಎಂಬುದು. ಮೂರು ಗಂಟೆ ಎಂದು ಅಳೆದು ಮುಗಿಸಿದ ಮೇಲೆ ‘ಎಸ್ತುಬಿಮೊಸ್’ ಆಗಬೇಕು. ನೂರು ವರ್ಷ ನಡೆದ ಯುದ್ಧವಾದರೂ ಅಷ್ಟೇ.

ನನ್ನ ಪೆನ್ನು ನಿಂತದ್ದು ಮಾತ್ರ ತಪ್ಪೇ ಇಲ್ಲದ ಸಾಲಿನಲ್ಲಿ: ‘ಕ್ವಾಂದೊ ಯೆಗೆ, ಮಿ ಅಬ್ವೆಲಾ ಕೊಸಿನೊ’. ನಾನು ಬಂದಾಗ ಅಜ್ಜಿ ಅಡುಗೆ ಮಾಡಿದರು. ‘ಕೊಸಿನಾಬಾ’ ಎಂದಿದ್ದರೆ ಇವಳು ಹೊಸ್ತಿಲು ದಾಟುವಾಗಲೇ ಒಗ್ಗರಣೆಯ ಘಮ ಬರುತ್ತಿರುತ್ತಿತ್ತು. ‘ಕೊಸಿನೊ’ ಎಂದರೆ ಇವಳು ಬಂದ ಮೇಲೆ ಅಜ್ಜಿ ಎದ್ದು ಒಲೆ ಹಚ್ಚಿದರು ಎಂದಾಗುತ್ತದೆ. ಎರಡೂ ಸರಿಯಾದ ಸ್ಪ್ಯಾನಿಷ್, ಆದರೆ ಎರಡು ಬೇರೆ ರಾತ್ರಿಗಳು. ಕಣ್ಣುಮುಚ್ಚಿ ‘ಕೊಸಿನಾಬಾ’ ಎಂದು ಕೆಂಪಿನಲ್ಲಿ ಬರೆಯುವ ಮೇಷ್ಟ್ರುಗಳಿದ್ದಾರೆ; ಅದು ಬೇರೆಯವರ ಅಜ್ಜಿಯ ದಿನಚರಿ ಬದಲಿಸುವ ಅಧಿಕಪ್ರಸಂಗ.

“ನಿಮ್ಮಜ್ಜಿ ಒಲೆ ಹಚ್ಚಿದ್ದು ಯಾವಾಗಮ್ಮ?” ಎಂದು ಕೇಳಿದೆ.

“ನಾನು ಬರೋದು ಅವರಿಗೆ ಗೊತ್ತೇ ಇರ್ಲಿಲ್ಲ ಸರ್. ನನ್ನ ನೋಡಿದ್ಮೇಲೇ ಅಕ್ಕಿ ತೊಳೆದಿದ್ದು.”

ಹಾಗಾದರೆ ‘ಕೊಸಿನೊ’ ಇರಲಿ. ಕೊನೆಗೆ ತಾತನ ಸರದಿ: ‘ನೊ ಕೇರಿಯಾ ಸೆನಾರ್’, ಅವರಿಗೆ ಊಟ ಬೇಕಿರಲಿಲ್ಲ. ‘ನೊ ಕೀಸೊ’ ಎಂದರೆ ಒಲ್ಲೆನೆಂದು ತಟ್ಟೆ ಸರಿಸಿದರು ಎಂದೇ ಅರ್ಥ. ‘ಕೇರಿಯಾ’ದಲ್ಲಿ ಅಷ್ಟು ಖಂಡಿತವಿಲ್ಲ, ಮನಸ್ಸಿರಲಿಲ್ಲ ಅಷ್ಟೇ, ಆಮೇಲೆ ಉಂಡರೂ ಉಂಡಿರಬಹುದು.

“ಉಂಡರಾ?” ಎಂದೆ.

“ಎರಡು ಸಲ ಬಡಿಸ್ಕೊಂಡ್ರು ಸರ್.”

ಅದನ್ನೂ ಮುಟ್ಟಲಿಲ್ಲ.