ಅಮಲಿಗೆ ಬಾರದ ಒಪ್ಪಿಗೆ

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಅಜ್ಜನವರು ಜಮೀನಿನ ಕಾಗದಗಳನ್ನು ಬಿಚ್ಚಿದಾಗಲೆಲ್ಲ ದರಖಾಸ್ತು, ಕರಾರು, ಅಮಲು ಎಂಬ ಮಾತುಗಳು ಕಿವಿಗೆ ಬೀಳುತ್ತಿದ್ದವು. ಇವು ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದವೆಂಬುದು ನನಗೆ ತಿಳಿದದ್ದು, ಪುಣೆಯಲ್ಲಿ ಓದುವಾಗ ಆ ಭಾಷೆಯನ್ನು ಕಲಿಯತೊಡಗಿದ ಮೇಲೆ. ಪರಿಚಿತ ಪದಗಳಿರುವ ಭಾಷೆ ಸುಲಭವೆಂದು ಬಗೆದಿದ್ದೆ. ಆ ಭ್ರಮೆಯನ್ನು ಒಂದು ಪತ್ರ ಕಳೆಯಿತು.

ಇರಾನಿನಿಂದ ಓದಲು ಬಂದಿದ್ದ ಸಹಪಾಠಿಯೊಬ್ಬನು ತನ್ನ ಹಿಂದಿನ ವಿಶ್ವವಿದ್ಯಾಲಯದಲ್ಲಿ ಉಳಿದ ವಿಷಯಗಳನ್ನು ಪೂರೈಸಲು ಇನ್ನೊಂದು ಅವಧಿಯನ್ನು ಕೇಳಿದ್ದನು. ಅದಕ್ಕೆ ಸಂಬಂಧಿಸಿದ ಪತ್ರದ ಇಂಗ್ಲಿಷ್ ಅನುವಾದವನ್ನು ಅವನು ಇಲ್ಲಿಯ ಕಾಲೇಜಿಗೆ ಸಲ್ಲಿಸಬೇಕಾಗಿತ್ತು. ಮುಖ್ಯ ವಾಕ್ಯ ಹೀಗಿತ್ತು: ‘ದರ್‌ಖಾಸ್ತೆ ನಾಮ್‌ಬುರ್ದೆ ದರ್ ಜಲಸೆಯೆ ಶೂರಾ ಮೌರೆದೆ ಬರ್ರಸೀ ಕರಾರ್ ಗೆರೆಫ್ತ್ ವ ಬಾ ಆನ್ ಮೊವಾಫೆಕತ್ ಬೆ ಅಮಲ್ ನಯಾಮದ್.’ ಪದಶಃ ಹೇಳುವುದಾದರೆ, ‘ಮೇಲ್ಕಂಡವನ ದರಖಾಸ್ತು ಮಂಡಳಿಯ ಸಭೆಯಲ್ಲಿ ಪರಿಶೀಲನೆಗೆ ಒಳಪಟ್ಟಿತು; ಅದಕ್ಕೆ ಒಪ್ಪಿಗೆಯು ಅಮಲಿಗೆ ಬರಲಿಲ್ಲ.’

ಕೊನೆಯ ಮಾತನ್ನು ನಾನು ‘ದ ಅಪ್ರೂವಲ್ ವಾಸ್ ನಾಟ್ ಇಂಪ್ಲಿಮೆಂಟೆಡ್’ ಎಂದು ಬರೆದೆ. ಒಪ್ಪಿಗೆ ದೊರೆತಿತ್ತು, ಜಾರಿಗೆ ಬರಲಿಲ್ಲ ಎಂದಾಯಿತು! ನಮ್ಮ ಮನೆಯ ‘ಅಮಲು’ ನನ್ನನ್ನು ದಾರಿ ತಪ್ಪಿಸಿತ್ತು. ಪಾರಸಿಯ ಕಚೇರಿ ಬರಹದಲ್ಲಿ ‘ಬೆ ಅಮಲ್ ಆಮದನ್’ ಎಂದರೆ ‘ಆಗುವುದು’ ಎಂದಷ್ಟೇ ಅರ್ಥ. ‘ಕರಾರ್ ಗೆರೆಫ್ತನ್’ ಎಂಬುದೂ ಹಾಗೆಯೇ. ಅಲ್ಲಿ ಯಾವ ಕರಾರೂ ಇಲ್ಲ. ಇವು ಟೊಳ್ಳು ಕ್ರಿಯಾಪದಗಳು. ನಿಜವಾದ ಕ್ರಿಯೆ ಅವುಗಳ ಹಿಂದಿನ ನಾಮಪದದಲ್ಲಿ ಅಡಗಿದೆ: ‘ಬರ್ರಸೀ’, ಪರಿಶೀಲನೆ, ‘ಮೊವಾಫೆಕತ್’, ಒಪ್ಪಿಗೆ. ಆ ನಾಮಪದವನ್ನೇ ಇಂಗ್ಲಿಷಿನ ಕ್ರಿಯಾಪದವನ್ನಾಗಿ ಮಾಡಬೇಕು. ಪರಿಶೀಲಿಸಿದರು, ಒಪ್ಪಲಿಲ್ಲ.

ಆದರೆ ಒಪ್ಪದವರು ಯಾರು? ಸ್ಪಷ್ಟತೆಯ ಹುರುಪಿನಲ್ಲಿ ಎರಡನೆಯ ಬಾರಿ ‘ದ ಯೂನಿವರ್ಸಿಟಿ ರಿಜೆಕ್ಟೆಡ್ ಹಿಸ್ ಅಪ್ಲಿಕೇಶನ್’ ಎಂದು ಬರೆದೆ. ಗೆಳೆಯನ ಮುಖ ಬಾಡಿತು. ‘ವಿಶ್ವವಿದ್ಯಾಲಯ ನಿರಾಕರಿಸಿಲ್ಲ, ನಿರಾಕರಿಸಿದ್ದು ನಮ್ಮ ವಿಭಾಗದ ಮಂಡಳಿ. ಮೇಲಿನ ಆಯೋಗಕ್ಕೆ ನಾನು ಇನ್ನೂ ಮನವಿ ಮಾಡಿಕೊಳ್ಳಬಹುದು. ನಿನ್ನ ವಾಕ್ಯ ಆ ಬಾಗಿಲನ್ನು ಮುಚ್ಚುತ್ತದೆ’ ಎಂದನು. ಕರ್ತೃ ಪತ್ರದಲ್ಲಿಯೇ ಇದ್ದನು. ‘ಮಂಡಳಿಯ ಸಭೆಯಲ್ಲಿ’ ಎಂಬ ಸಪ್ತಮಿ ವಿಭಕ್ತಿಯ ಮರೆಯಲ್ಲಿ. ಅದು ಯಾವ ಮಂಡಳಿಯೆಂಬುದನ್ನು ತಲೆಬರಹ ಹೇಳುತ್ತಿತ್ತು. ಕಡೆಗೆ ನಿಂತ ವಾಕ್ಯ ಇದು: ‘ದ ಫ್ಯಾಕಲ್ಟಿ ಕೌನ್ಸಿಲ್ ಕನ್ಸಿಡರ್ಡ್ ಹಿಸ್ ಅಪ್ಲಿಕೇಶನ್ ಅಂಡ್ ಡಿಡ್ ನಾಟ್ ಅಪ್ರೂವ್ ಇಟ್.’

ಪತ್ರದ ಮುಕ್ತಾಯವೂ ಪಾಠ ಕಲಿಸಿತು. ‘ಖಾಹೆಶ್‌ಮಂದ್ ಅಸ್ತ್ ದಸ್ತೂರ್ ಫರ್ಮಾಯೀದ್ ಮರಾತೆಬ್ ಬೆ ವೈ ಎಬ್ಲಾಗ್ ಗರ್ದದ್.’ ‘ಕೋರಿಕೆಯುಳ್ಳದ್ದಾಗಿದೆ’ ಎಂಬಂತೆ ಪ್ರಥಮ ಪುರುಷದ ಏಕವಚನ. ಕೋರುವವನ ಸುಳಿವೇ ಇಲ್ಲ. ಸಹಿ ಮಾಡಿದವನೇ ಕೋರುವವನಾದ್ದರಿಂದ ಇಂಗ್ಲಿಷಿಗೆ ‘ಪ್ಲೀಸ್’ ಸಾಕು. ಮುಂದಿನದು ‘ವಿಷಯವು ಅವನಿಗೆ ತಿಳಿಸಲ್ಪಡುವಂತೆ ತಾವು ಆಜ್ಞಾಪಿಸಬೇಕು’ ಎಂದು. ಇಲ್ಲಿ ‘ಪ್ಲೀಸ್ ಇನ್‌ಫಾರ್ಮ್ ಹಿಮ್’ ಎಂದರೆ ಮೇಲಧಿಕಾರಿಯೇ ತಿಳಿಸಬೇಕಾಗುತ್ತದೆ. ಪತ್ರ ಕೇಳಿದ್ದು ತಿಳಿಸುವ ಏರ್ಪಾಡನ್ನು. ‘ಪ್ಲೀಸ್ ಹ್ಯಾವ್ ಹಿಮ್ ಇನ್‌ಫಾರ್ಮ್ಡ್’ ಎಂದರೆ ಆಜ್ಞಾಪಿಸುವವನೂ ತಿಳಿಸುವವನೂ ಬೇರೆಯಾಗಿಯೇ ಉಳಿಯುತ್ತಾರೆ.

ಹಾಗೆಂದು ಎಲ್ಲ ವಾಕ್ಯಗಳಿಗೂ ಕರ್ತೃವನ್ನು ಹುಡುಕಿ ಕೂರಿಸಬೇಕೆಂದಲ್ಲ. ಕಾನೂನಿನ ನಿಯಮಿಸಿದ ಕ್ರಮವಿಲ್ಲದೆ ಯಾರನ್ನೂ ಬಂಧಿಸಲಾಗದೆಂದು ಹೇಳುವ ಇರಾನಿನ ಸಂವಿಧಾನದ 32ನೆಯ ವಿಧಿಯಲ್ಲಿ ‘ನಮೀತವಾನ್ ದಸ್ತ್‌ಗೀರ್ ಕರ್ದ್’ ಎಂಬ ರಚನೆಯಿದೆ. ‘ನಮೀತವಾನ್’ ಎಂಬುದಕ್ಕೆ ಪುರುಷವೂ ಇಲ್ಲ, ವಚನವೂ ಇಲ್ಲ. ‘ದಸ್ತ್‌ಗೀರ್’ ನಮ್ಮ ದಸ್ತಗಿರಿಯೇ. ಇದು ಮಾತ್ರ ಮೋಸ ಮಾಡುವುದಿಲ್ಲ. ಇಲ್ಲಿ ‘ಪೊಲೀಸರು ಬಂಧಿಸಕೂಡದು’ ಎಂದು ಬರೆದರೆ ಉಳಿದವರಿಗೆ ವಿನಾಯಿತಿ ಕೊಟ್ಟಂತೆ. ‘ನೋ ವನ್ ಮೇ ಬಿ ಅರೆಸ್ಟೆಡ್’ ಎಂಬ ಕರ್ಮಣಿ ಪ್ರಯೋಗವೇ ಸರಿ. ಪಾರಸಿಯಲ್ಲಿ ಕರ್ತೃ ಮರೆಯಾಗಿದ್ದರೆ ಹೊರತರಬೇಕು; ಯಾರೇ ಆಗಲಿ ಎಂಬ ಅರ್ಥದಲ್ಲಿ ಇಲ್ಲವಾಗಿದ್ದರೆ ಹಾಗೆಯೇ ಬಿಡಬೇಕು.

ಗೆಳೆಯನು ತಿದ್ದಿದ ಅನುವಾದವನ್ನು ಒಯ್ದನು. ಆ ಬಳಿಕ ‘ತಿರಸ್ಕರಿಸಲಾಗಿದೆ’ ಎಂಬ ಕನ್ನಡದ ಯಾವ ಕಾಗದವನ್ನು ಕಂಡರೂ ನನ್ನ ಕಣ್ಣು ಮೊದಲು ತಲೆಬರಹಕ್ಕೂ ಸಹಿಗೂ ಹೋಗುತ್ತದೆ.